ಎಂಟು ಪೊಟ್ಟಣ, ಎರಡು ಕಾಗದ

ಯುದ್ಧದ ಕಾಲದಲ್ಲಿ ಕಾಗದಕ್ಕೂ ಬರ ಬಂದಿತ್ತು. ಯಲಬುರ್ಗಿಯಲ್ಲಿ ತಮ್ಮ ಮನೆಯ ಪಡಸಾಲೆಯಲ್ಲೇ ರೋಗಿಗಳನ್ನು ನೋಡುತ್ತಿದ್ದ ಒಬ್ಬ ಡಾಕ್ಟರ್ ಸಾಹೇಬರು ಹೊಸ ಚೀಟಿ ಬರೆಯುವುದನ್ನೇ ಬಿಟ್ಟಿದ್ದರು. ರೋಗಿಯ ಹಳೆಯ ಚೀಟಿ ಇಸಿದುಕೊಂಡು ಅದರ ಕೆಳಗೇ ಹೊಸ ಔಷಧದ ಸಾಲು ಬರೆದು ಕಳಿಸುತ್ತಿದ್ದರು. ಅಂಥ ಒಂದು ಸಾಲಿನ ಸಲುವಾಗಿ ನನ್ನ ಒಡಹುಟ್ಟಿದ ಅಕ್ಕನ ಜೀವ ನಾಲ್ಕು ದಿನ ತೂಗಾಡಿತು. ಅದರಲ್ಲಿ ಸಾಹೇಬರ ತಪ್ಪು ಸ್ವಲ್ಪ, ನನ್ನದು ಹೆಚ್ಚು. ಮಕ್ಕಳು ಮೊಮ್ಮಕ್ಕಳು ಕೇಳಿದಾಗೆಲ್ಲ ಅರ್ಧ ಹೇಳಿ ಅರ್ಧ ನುಂಗಿದ್ದೇನೆ. ಈಗ ಪೂರ್ತಿ ಬರೆಯುತ್ತೇನೆ.

ನಮ್ಮ ಯಜಮಾನರದು ಕೊಪ್ಪಳದಲ್ಲಿ ಅಂಗ್ರೇಜಿ ಔಷಧದ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಡಾಕ್ಟರರು ಬರೆದ ಚೀಟಿ ನೋಡಿ ಅವರು ಔಷಧ ಅಳೆದು ಕೂಡಿಸಿ ಬಾಟಲಿಗೆ ತುಂಬುತ್ತಿದ್ದರು. ಬಾಟಲಿ ತೊಳೆಯುವ ಕೆಲಸ ನನ್ನದು. ಕಾಗದದ ಪಟ್ಟಿಯನ್ನು ಹಲ್ಲು ಹಲ್ಲಾಗಿ ಕತ್ತರಿಸಿ, ಮೈದಾ ಅಂಟು ಹಚ್ಚಿ ಬಾಟಲಿಯ ಮೈಗೆ ಹಚ್ಚುವುದೂ ನನ್ನದೇ. ಒಂದು ಹಲ್ಲಿನಿಂದ ಇನ್ನೊಂದು ಹಲ್ಲಿನವರೆಗೆ ಒಂದು ಸಲದ ಔಷಧ. ಅದಕ್ಕೆ ಜನ ‘ಗುರುತು’ ಅನ್ನುತ್ತಿದ್ದರು. ನನಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ಕಪಾಟಿನ ಯಾವ ಗೂಡಿನಲ್ಲಿ ಯಾವ ಭರಣಿ ಇದೆ ಎಂಬುದು ನನ್ನ ಅಡಿಗೆಮನೆಯ ಡಬ್ಬಿಗಳಷ್ಟೇ ಗೊತ್ತಿತ್ತು. ವಿಷದ ಔಷಧಗಳು ಬೇರೆ ಬೀಗದ ಕಪಾಟಿನಲ್ಲಿ ಇರುತ್ತಿದ್ದವು. ಅದರ ಕೀಲಿ ಅವರ ಉಡುದಾರದಲ್ಲಿ.

ಅಕ್ಕನನ್ನು ಕೊಟ್ಟದ್ದು ಕುಕನೂರಿಗೆ. ಆ ವರ್ಷ ಅವಳಿಗೆ ವಿಷಮಜ್ವರ ಬಂದು ನಲವತ್ತು ದಿನ ಹಾಸಿಗೆ ಹಿಡಿದಿದ್ದಳು. ಜ್ವರ ಬಿಟ್ಟರೂ ಮೈಯಲ್ಲಿ ತ್ರಾಣ ಬರಲಿಲ್ಲ. ಯಲಬುರ್ಗಿಯ ಸಾಹೇಬರು ಶಕ್ತಿಗೆಂದು ಒಂದು ಔಷಧ ಬರೆದುಕೊಟ್ಟಿದ್ದರು, ಅದನ್ನು ನಮ್ಮ ಅಂಗಡಿಯಿಂದಲೇ ಒಯ್ಯುತ್ತಿದ್ದರು. ಒಂದು ಸೋಮವಾರ, ನಾನು ಪೂಜೆ ಮುಗಿಸಿ ವಿಭೂತಿ ಹಚ್ಚಿಕೊಳ್ಳುತ್ತಿದ್ದ ಹೊತ್ತಿಗೆ ಬಾಗಿಲಲ್ಲಿ ಬಂಡಿ ನಿಂತಿತು. ಅಕ್ಕ, ಅವಳ ಅತ್ತೆ, ಅವಳ ಮೈದುನ, ಮೂವರೂ ಇಳಿದರು. ಅಕ್ಕನನ್ನು ನಾಲ್ಕು ದಿನ ನನ್ನ ಹತ್ತಿರ ಇಟ್ಟುಕೊಂಡು ಹೊಸ ಔಷಧ ಕೊಡಿಸಿಕೊಂಡು ಹೋಗಬೇಕೆಂದು ಬಂದಿದ್ದರು.

ಅಕ್ಕನನ್ನು ಕೈಹಿಡಿದು ಒಳಗೆ ಕರೆತಂದು ಕೂಡಿಸಿದೆ. ತಲೆಗೂದಲು ಉದುರಿ ಬೋಳಾಗಿತ್ತು. ಕೈ ನಡುಗುತ್ತಿದ್ದವು. ಒಳಗೆ ಒಂದು ತಂಬಿಗೆ ಬಿದ್ದ ಸಪ್ಪಳಕ್ಕೆ ಮೈಯೆಲ್ಲ ಜಿಗಿದು ಬಿತ್ತು.

"ತಂಗೀ, ನಿದ್ದಿ ಅನ್ನೂದು ಹೆಂಗ ಇರತೈತಿ ಅನ್ನೂದ ಮರತೇನವ್ವಾ," ಅಂದಳು. "ಕಣ್ಣ ಮುಚ್ಚಿದ್ರ ಸಾಕು, ಯಾರೋ ಕಾಲ ಹಿಡದ ಎಳದಂಗ ಆಕ್ಕೈತಿ."

ಹೊಸ ಔಷಧ ನಿದ್ದೆಗೇ ಬರೆದದ್ದು. ಅಕ್ಕನ ಅತ್ತೆ ಅಂಗಡಿಯ ಬಾಗಿಲಲ್ಲಿ ಕುಳಿತು ಸೆರಗಿನ ಗಂಟಿನಿಂದ ಚೀಟಿ ತೆಗೆದು ಕೊಟ್ಟರು. ಜೊತೆಗೆ ಬುಟ್ಟಿಯಿಂದ ಶಕ್ತಿಯ ಔಷಧದ ಬಾಟಲಿಯನ್ನೂ ತೆಗೆದಿಟ್ಟರು. ಹನ್ನೆರಡು ಗುರುತಿನ ಬಾಟಲಿ, ದಿನಕ್ಕೆ ಮೂರು ಗುರುತಿನ ಲೆಕ್ಕ, ಒಂದು ಗುರುತು ಖಾಲಿಯಾಗಿತ್ತು.

"ತಮ್ಮಾ, ಇದು ಇನ್ನೂ ಭಾಳ ಐತಿ. ಹೊಸಾದನ್ನ ಇದರಾಗ ಹಾಕಿ ಕೊಟ್ಟಬಿಡು."

ನಮ್ಮವರು ಚೀಟಿಯನ್ನು ಓದಿದರು, ತಿರುವಿ ಹಾಕಿ ಹಿಂದೆ ನೋಡಿದರು, ಮತ್ತೆ ಓದಿದರು. "ಅತ್ತೀ, ಸಾಹೇಬ್ರು ಬಾಯಿಲೆ ಏನ ಹೇಳ್ಯಾರ್ರಿ? ಹಳೇದರ ಕೂಡ ಕೊಡಬೇಕೋ, ಬ್ಯಾರೆ ಕೊಡಬೇಕೋ?"

"ನನಗೇನ ಹೇಳ್ತಾರ? ಇವಂಗ ಹೇಳ್ಯಾರ," ಎಂದು ಮಗನ ಕಡೆ ತೋರಿಸಿದರು.

ಅಕ್ಕನ ಮೈದುನ ಮೂವತ್ತು ವರ್ಷದ ಗಂಡಸು, ಮಾತು ಕಡಿಮೆ. ಕತ್ತು ಕೆರೆದುಕೊಂಡ. "ಅವರು ಉರ್ದೂದಾಗ ಪಟಪಟ ಅಂದ್ರರಿ. ನಾ ಜೀ ಹಾಂ, ಜೀ ಹಾಂ ಅಂದೆ."

"ಏನಂದ್ರು ಅನ್ನೂದು?"

"ಅದು ತಿಳಿದಿದ್ರ ಜೀ ಹಾಂ ಯಾಕ ಅಂತಿದ್ದೆ?"

ನಮ್ಮವರು ನಗಲಿಲ್ಲ. ಪರದೆ ಸರಿಸಿ ಒಳಗೆ ಬಂದು ನನ್ನನ್ನು ಕರೆದರು.

"ನೋಡಿಲ್ಲೆ. ಮ್ಯಾಲಿನ ಸಾಲು ಶಕ್ತಿ ಔಷಧ. ಅದರಾಗ ಕುಚಲಾ, ಅಂದ್ರ ಕಾಸರಕದ ಬೀಜದ ಸತ್ವ ಐತಿ. ಹನಿ ಲೆಕ್ಕದಾಗ ಕೊಟ್ರ ಔಷಧ, ಮೀರಿದ್ರ ವಿಷ. ಕೆಳಗಿನ ಸಾಲು ಬ್ರೋಮೈಡ್, ಹದಿನೈದು ಗ್ರೇನ್. ಅದು ನಿದ್ದೀದು. ಬಿಡಿಬಿಡಿಯಾಗಿ ಎರಡೂ ಛಲೋನ. ಒಂದ ಬಾಟಲಿಗೆ ಹಾಕಿದ್ರ ಮೊದಲ ತಿಳಿನೀರಿನಂಗ ಕಾಣತೈತಿ. ತಾಸು ಕಳದಂಗ ಕುಚಲಾದ ಸತ್ವ ಸಣ್ಣ ಹರಳಾಗಿ ತಳಕ್ಕ ಕೂಡತೈತಿ. ಮ್ಯಾಲಿನ ಗುರುತು ಕುಡದಾಗ ಏನೂ ಆಗಂಗಿಲ್ಲ. ಕಡೀ ಗುರುತಿನಾಗ ಎಲ್ಲಾ ದಿನದ್ದು ಒಮ್ಮೆಲೆ ಹೊಟ್ಟಿಗೆ ಹೋಕ್ಕೈತಿ."

"ಹೋದ್ರ?"

"ಮೈ ಬಿಲ್ಲಿನಂಗ ಸೆಟಕೊಂತೈತಿ. ಉಸರು ನಿಂದರತೈತಿ."

ಸಾಹೇಬರು ಹಾಗೆ ಬರೆದಾರೆಯೇ ಎಂದು ಕೇಳಿದೆ. ಅದೇ ತಿಳಿಯುತ್ತಿಲ್ಲ ಎಂದರು. ಕೆಳಗಿನ ಸಾಲಿನ ಮುಂದೆ ‘ಕೂಡಿಸು’ ಎಂದೂ ಇಲ್ಲ, ‘ಬೇರೆ’ ಎಂದೂ ಇಲ್ಲ. ಮೇಲಿನದನ್ನು ಹೊಡೆದೂ ಹಾಕಿಲ್ಲ. ಇದ್ದದ್ದನ್ನು ಇದ್ದ ಹಾಗೆ ಓದಿದರೆ ಎರಡೂ ಒಂದೇ ಬಾಟಲಿಗೆ.

"ಕೇಳಿ ಬರೀತೇನಿ. ಉತ್ತರ ಬರೂತನಕ ಬ್ರೋಮೈಡ್ ಕೊಡಂಗಿಲ್ಲ. ಹಳೇದು ಅವರ ಅಪ್ಪಣಿ ಮ್ಯಾಲೆ ನಡದೈತಿ, ಅದನ್ನ ನಿಂದ್ರಸೂ ಹಕ್ಕು ನನಗಿಲ್ಲ. ಆದ್ರ ನೀ ಹೊರಗ ಉಸರ ಬಿಡಬ್ಯಾಡ. ಡಾಕ್ಟರ್ ವಿಷ ಬರದಾರ ಅಂತ ಬೀಗತಿ ಬಾಯಿಗೆ ಬಿತ್ತಂದ್ರ ಕುಕನೂರ ಸಂತಿಯೊಳಗ ಡಂಗುರ. ಸಾಹೇಬ್ರು ಮನಸ್ಸಿಲೆ ಅಂಥಾದ್ದು ಮಾಡೂ ಮನಷ್ಯಾ ಅಲ್ಲ."

ಅವರು ಕಾಗದ ಬರೆಯಲು ಕುಳಿತರು. ಮೊದಲು ಕನ್ನಡದಲ್ಲಿ ಗೀಚಿ, ನನಗೆ ಓದಿ ಹೇಳಿ, ಆಮೇಲೆ ಇಂಗ್ಲಿಷಿಗೆ ತಿರುಗಿಸುವುದು ಅವರ ರೂಢಿ. ಇಂಗ್ಲಿಷ್ ಕಲಿತದ್ದು ಗದಗಿನಲ್ಲಿ ಕಂಪೌಂಡರ್ ಕೆಲಸ ಕಲಿಯುವಾಗ, ಅಷ್ಟಕ್ಕಷ್ಟೇ. ಮೊದಲ ಕಾಗದ ಪೂರ್ತಿ ವಿನಯವೇ ಆಯಿತು. ಸಾಹೇಬರ ಕೈಗುಣ, ಸಾಹೇಬರ ಕೀರ್ತಿ, ಪಾದಸೇವಕನ ವಿಜ್ಞಾಪನೆ.

"ಇದರಾಗ ಏನ ಕೇಳೀರಿ ಅನ್ನೂದ ನನಗ ಹತ್ತಲಿಲ್ಲ," ಅಂದೆ. "ಬೀಗರಿಗೆ ಲಗ್ನಪತ್ರ ಬರದಂಗ ಐತಿ. ಅವರು ಓದಿ ಖುಷಿ ಪಟ್ಟು ಮಡಚಿ ಇಡತಾರ."

ಎರಡನೆಯದನ್ನು ಸಿಟ್ಟಿನಲ್ಲಿ ಬರೆದರು. ವಿಷ, ಮರಣ, ಜವಾಬ್ದಾರಿ, ಎಲ್ಲ ಬಂದವು.

"ಇದು ಫೌಜದಾರ ಬರದಂಗ ಐತ್ರಿ."

"ಹಂಗಾರ ನೀನ ಹೇಳು."

"ನನಗೇನ ತಿಳಿತೈತಿ? ತಪ್ಪು ಅನಬ್ಯಾಡ್ರಿ, ಕೇಳ್ರಿ. ಆದ್ರ ಯಾತಕ್ಕ ಕೇಳ್ತೀರಿ ಅನ್ನೂದು ಮೊದಲನೇ ಮಾತಿನಾಗ ಇರಲಿ."

ಮೂರನೆಯದು ಹೀಗಿತ್ತು. ಆ ಕರಡು ಬಹಳ ವರ್ಷ ನನ್ನ ಪೆಟ್ಟಿಗೆಯಲ್ಲಿ ಇತ್ತು, ಹಾಗಾಗಿ ನೆನಪಿದೆ.

‘ಸಾಹೇಬರಿಗೆ ಗೌರವಪೂರ್ವಕ ವಂದನೆಗಳು. ಕುಕನೂರಿನ ಈ ರೋಗಿಯ ಚೀಟಿಯ ಬಗ್ಗೆ ಒಂದು ಮಾತು ಕೇಳಿಕೊಳ್ಳದೆ ಔಷಧ ಕೊಡಲು ನನಗೆ ಧೈರ್ಯವಾಗಲಿಲ್ಲ. ಮೇಲಿನ ಸಾಲಿನಲ್ಲಿ ಕುಚಲಾ ಸತ್ವದ ದ್ರವವಿದೆ, ಕೆಳಗೆ ಬ್ರೋಮೈಡ್ ಸೇರಿಸಿದ್ದೀರಿ. ಎರಡನ್ನೂ ಒಂದೇ ಬಾಟಲಿಯಲ್ಲಿ ಕೊಡಬೇಕೆಂದು ತಮ್ಮ ಅಭಿಪ್ರಾಯವೋ, ಬೇರೆ ಬೇರೆ ಕೊಡಬೇಕೆಂದೋ, ಅಥವಾ ಮೊದಲಿನದನ್ನು ನಿಲ್ಲಿಸಬೇಕೆಂದೋ ನನಗೆ ಸ್ಪಷ್ಟವಾಗಲಿಲ್ಲ. ಒಂದೇ ಬಾಟಲಿಯಲ್ಲಿ ಸತ್ವವು ತಳಕ್ಕೆ ಇಳಿದು ಕೊನೆಯ ಗುರುತಿನಲ್ಲಿ ಕೂಡಿಕೊಳ್ಳಬಹುದೆಂದು ನಾನು ಕಲಿತದ್ದು. ರೋಗಿಗೆ ನಿದ್ದೆ ಇಲ್ಲ, ಸಣ್ಣ ಸಪ್ಪಳಕ್ಕೂ ಬೆಚ್ಚುತ್ತಾರೆ. ಇದೂ ತಮ್ಮ ಗಮನಕ್ಕೆ ಇರಲಿ. ಬ್ರೋಮೈಡ್ ಇನ್ನೂ ಕೊಟ್ಟಿಲ್ಲ. ಹಳೆಯ ಔಷಧ ನಡೆದಿದೆ. ಮೂಲ ಚೀಟಿಯನ್ನು ಇದರೊಂದಿಗೆ ಇಟ್ಟಿದ್ದೇನೆ. ದಯವಿಟ್ಟು ತಮ್ಮ ಕೈಯಿಂದಲೇ ತಿದ್ದಿ ಸಹಿ ಮಾಡಿ ಇದೇ ಮನುಷ್ಯನ ಕೈಯಲ್ಲಿ ಕಳಿಸಬೇಕು.’

ಅದನ್ನು ಇಂಗ್ಲಿಷಿಗೆ ಮಾಡಿ, ಚೀಟಿ ಒಳಗಿಟ್ಟು, ಅಂಟು ಹಚ್ಚಿ ಅಕ್ಕನ ಮೈದುನನ ಕೈಗೆ ಕೊಟ್ಟರು.

ಅಕ್ಕನ ಅತ್ತೆಗೆ ಚೀಟಿ ಹೋದದ್ದು ಸೇರಲಿಲ್ಲ. "ಚೀಟಿನೂ ಕಸ್ಕೊಂಡ್ಯಲ್ಲ ತಮ್ಮಾ! ನಾ ಗದಗಕ್ಕ ಹೋಗಿ ತಗೊಂತೇನಿ ಅಂತ ಹೆದರಿಕಿ ಏನ?"

"ಹೌದರಿ ಅತ್ತೀ, ಅದಕ್ಕ," ಅಂದರು ನಮ್ಮವರು. ನಿಜವನ್ನೇ ಹೇಳಿದರು. ಅಕ್ಕನ ಅತ್ತೆ ಅದನ್ನು ಚೇಷ್ಟೆ ಎಂದುಕೊಂಡರು.

"ಭಾರಿ ಕಂಪೌಂಡರ್ ಸಾಹೇಬ! ಸ್ವಂತ ಷಡ್ಡಕನ ಹೇಣ್ತಿಗೆ ಒಂದ ಚಿಟಿಕಿ ಪುಡಿ ಕೊಡಾಕ ಯಲಬುರ್ಗಿ ಹುಕುಂ ಬೇಕಂತ."

ಯಲಬುರ್ಗಿಗೆ ಹೋಗುವ ಮೋಟಾರು ಬಸ್ಸು ಆಗ ಪೆಟ್ರೋಲು ಸಿಗದೆ ಇದ್ದಿಲ ಹೊಗೆಯ ಮೇಲೆ ಓಡುತ್ತಿತ್ತು. ಅದು ಏರಿನಲ್ಲಿ ನಿಂತರೆ ಜನ ಇಳಿದು ನೂಕಬೇಕು. ಮೈದುನ ಸೋಮವಾರ ಮಧ್ಯಾಹ್ನ ಹೋದವನು ಮಂಗಳವಾರ ಮುಂಜಾನೆ ಬರಬೇಕಿತ್ತು. ಬರಲಿಲ್ಲ. ನಮ್ಮವರು ಆ ಮುಂಜಾನೆಯ ರೈಲಿಗೆ ಗದಗಿಗೆ ಹೋಗಲೇಬೇಕಿತ್ತು, ಮುಂಬೈಯಿಂದ ಬಂದ ಸಾಮಾನು ಬಿಡಿಸಿಕೊಳ್ಳುವುದಿತ್ತು. "ಉತ್ತರ ಬಂದ್ರ ನಾ ಬರೂತನಕ ಇಟಕೊ. ಬುಧವಾರ ಸಂಜಿಗೆ ಬರತೇನಿ," ಎಂದು ಹೊರಟರು. ಅಂಗಡಿ ಮುಚ್ಚಿತ್ತು. ಪರದೆಯ ಆಚೆ ಕಪಾಟು ಇತ್ತು.

ಅದೇ ಮಂಗಳವಾರ ಮಧ್ಯಾಹ್ನ ಅಕ್ಕನ ಸ್ಥಿತಿ ಇನ್ನೂ ಕೆಟ್ಟಿತು. ಅಕ್ಕ ಹಿಂದಿನ ರಾತ್ರಿ ಕಣ್ಣು ಮುಚ್ಚಿರಲಿಲ್ಲ. ಗೋಡೆಗೆ ಆತು ಕುಳಿತು, ಒಂದೇ ಸಮನೆ ಸೆರಗಿನ ಅಂಚನ್ನು ಸುತ್ತುತ್ತ ಬಿಚ್ಚುತ್ತ ಅಳುತ್ತಿದ್ದಳು. ಶಬ್ದವಿಲ್ಲದ ಅಳು. ಗಂಜಿ ಇಟ್ಟರೆ ಚೆಲ್ಲಿದಳು. ಅವಳ ಅತ್ತೆ ಬಾಯಿ ಜೋರಿನವರು, ಆದರೆ ಸೊಸೆಯ ಮೇಲೆ ಜೀವ ಇಟ್ಟವರು. ನಲವತ್ತು ದಿನ ಅವಳ ಹೇಲು ಉಚ್ಚೆ ಬಳಿದವರು ಅವರೇ. ನನ್ನ ಮುಂದೆ ಬಂದು ಕುಳಿತರು.

"ಯವ್ವಾ, ನೀ ಬಾಟಲಿ ತೊಳೀತಿ, ಪುಡಿ ಕಟ್ಟತಿ, ಎಲ್ಲಾ ನಾ ನೋಡೇನಿ. ಆ ನಿದ್ದಿ ಪುಡಿ ಎಲ್ಲೈತಿ ಅನ್ನೂದು ನಿನಗ ಗೊತ್ತಿಲ್ಲೇನು?"

"ಗೊತ್ತೈತ್ರಿ ಅತ್ತೀ. ಅವರು ಬರಲಿ."

"ಅವರು ಬರೂತನಕ ಇಕಿ ಇರಬೇಕಲ್ಲ. ಅದು ವಿಷ ಐತೇನು?"

ನಾನು ಅಲ್ಲ ಅಂದೆ. ಅದು ನಿಜವೂ ಹೌದು. ಬ್ರೋಮೈಡಿನ ಭರಣಿ ಬೀಗದ ಹೊರಗೆ, ಬಯಲಿನ ಗೂಡಿನಲ್ಲಿ ಇರುತ್ತಿತ್ತು. ನಮ್ಮವರು ಅದನ್ನು ಎಷ್ಟೋ ಜನಕ್ಕೆ ಕೊಟ್ಟದ್ದು ನೋಡಿದ್ದೆ. ಬೇರೆ ಬೇರೆ ಆದರೆ ಎರಡೂ ಛಲೋ ಎಂದು ಅವರೇ ಹೇಳಿದ್ದರು. ಬೇರೆಯಾಗಿ ಕೊಟ್ಟರಾಯಿತಲ್ಲ? ಹುಲಿಗೆಮ್ಮನ ಪಟದ ಮುಂದೆ ನಿಂತು ಕೇಳಿದೆ. ತಾಯಿ ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದನ್ನು ನಾನು ಹೂಂ ಅಂದಳು ಎಂದುಕೊಂಡೆ.

ಸಣ್ಣ ತಕ್ಕಡಿ ತೆಗೆದೆ. ಅವರು ಇಡುವ ತೂಕದ ಬಟ್ಟುಗಳನ್ನೇ ಇಟ್ಟು ಹದಿನೈದು ಗ್ರೇನಿನಂತೆ ತೂಗಿದೆ. ಹರಳುಪ್ಪಿನ ಹಾಗೆ ಬೆಳ್ಳಗೆ ಇತ್ತು. ಬಾಟಲಿಯಲ್ಲಿ ಎಂಟು ಗುರುತು ಉಳಿದಿದ್ದವು, ಅದಕ್ಕೆ ಎಂಟು ಪೊಟ್ಟಣ ಕಟ್ಟಿದೆ. ಅಕ್ಕನ ಅತ್ತೆಯ ಕೈಗೆ ಕೊಟ್ಟು, "ಒಂದೊಂದು ಗುರುತಿನ ಹೊತ್ತಿಗೆ ಒಂದೊಂದು ಪೊಟ್ಟಣ. ನೀರಾಗ ಹಾಕಿ ಬ್ಯಾರೆ ಕುಡಸ್ರಿ, ಬ್ಯಾರೆ ಅಂದ್ರ ಬ್ಯಾರೇನ," ಅಂದೆ. ಯಾಕೆ ಎಂದು ಮಾತ್ರ ಹೇಳಲಿಲ್ಲ. ಉಸಿರು ಬಿಡಬೇಡ ಎಂದಿದ್ದರಲ್ಲ, ಆ ಒಂದು ಮಾತನ್ನು ಪಾಲಿಸಿದೆ. ಉಳಿದದ್ದನ್ನೆಲ್ಲ ಮೀರಿದ್ದೆ.

ಆ ಸಂಜೆ ಅಕ್ಕನ ಮೈ ಸ್ವಲ್ಪ ಸಡಿಲಾಯಿತು. ಮರುದಿನ ಬೆಳಗಿನ ಹೊತ್ತು ಎರಡು ತಾಸು ನಿದ್ದೆ ಬಂತೆಂದು ಹೇಳಿ ನಕ್ಕಳು. ಎಷ್ಟು ದಿನದ ಮೇಲೆ ನೋಡಿದ ನಗೆ! ನಾನು ಹುಲಿಗೆಮ್ಮನಿಗೆ ಕಾಯಿ ಒಡೆದೆ. ಬುಧವಾರ ಸಂಜೆ ನಮ್ಮವರು ಗದಗಿನಿಂದ ಬಂದು, "ಉತ್ತರ ಬಂತೇನು? ನಿಮ್ಮಕ್ಕ ಹೆಂಗದಾಳ?" ಎಂದರು. "ಇನ್ನೂ ಇಲ್ಲ. ಸ್ವಲ್ಪ ಆರಾಮ ಅದಾಳ," ಅಂದೆ. ಅವರ ಮುಖ ಅಗಲವಾಯಿತು. ಆ ಮುಖ ನೋಡಿ ಹೇಳಲಾಗಲಿಲ್ಲ. ನಾಳೆ ಉತ್ತರ ಬಂದ ಮೇಲೆ ಹೇಳಿದರಾಯಿತು ಎಂದುಕೊಂಡೆ.

ಗುರುವಾರ ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದೆ. ಅಕ್ಕನ ಮೈದುನ ಮೈಯೆಲ್ಲ ಧೂಳಾಗಿ ಬಂದ. ಸಾಹೇಬರು ಯಲಬುರ್ಗಿಯಲ್ಲಿ ಇರಲಿಲ್ಲವಂತೆ, ಕುಷ್ಟಗಿ ಕಡೆಯ ಒಂದು ಹಳ್ಳಿಗೆ ಹೋಗಿದ್ದರಂತೆ. ಇವನು ಬಂಡಿಯಲ್ಲಿ, ಕಾಲ್ನಡಿಗೆಯಲ್ಲಿ ಬೆನ್ನುಹತ್ತಿ ಹೋಗಿ ಹಿಡಿದು ಉತ್ತರ ತಂದಿದ್ದ. ಮಾತು ಕಡಿಮೆಯ ಆ ಮನುಷ್ಯ ಮಾಡಿದ ಉಪಕಾರವನ್ನು ನಾವು ಯಾರೂ ಬಾಯಿ ತುಂಬ ಹೊಗಳಲಿಲ್ಲ. ಅದೂ ನನ್ನ ಲೆಕ್ಕದಲ್ಲಿ ಒಂದು ಋಣ.

ನಮ್ಮವರು ಲಕೋಟೆ ಒಡೆದರು. ಚೀಟಿಯ ಮೇಲಿನ ಸಾಲಿಗೆ ಅಡ್ಡಗೆರೆ ಎಳೆದು ಸಹಿ ಇತ್ತು. ಕಾಗದವನ್ನು ಓದಿ ಕನ್ನಡದಲ್ಲಿ ಹೇಳಿದರು: ಕೇಳಿ ಬರೆದದ್ದು ಬಹಳ ಒಳ್ಳೆಯದಾಯಿತು. ಮೊದಲಿನ ಔಷಧ ನಿಲ್ಲಿಸಬೇಕೆಂದೇ ನನ್ನ ಉದ್ದೇಶ. ಈ ಬೆಚ್ಚುವುದು, ನಿದ್ದೆಗೇಡು ಅದರಿಂದಲೇ ಹೆಚ್ಚಿರಬಹುದು. ಬಂದವನಿಗೆ ಬಾಯಿಮಾತಿನಲ್ಲಿ ಹೇಳಿದ್ದೆ, ಗೆರೆ ಹೊಡೆಯಲು ಮರೆತೆ. ಬ್ರೋಮೈಡ್ ಒಂದನ್ನೇ ಕೊಡಿ.

"ಹಾಂ, ಬಂದ್ ಕರೋ ಅಂದಿದ್ರರಿ," ಅಂದ ಮೈದುನ, ಈಗ ನೆನಪಾದವನಂತೆ. "ನಾ ಬಾಗಿಲ ಬಂದ್ ಮಾಡು ಅಂದ್ರು ಅನ್ಕೊಂಡು ಮಾಡಿ ಬಂದೆ."

ನಮ್ಮವರು ನಾಲ್ಕು ದಿನದ ಮೇಲೆ ಗಟ್ಟಿಯಾಗಿ ನಕ್ಕರು. "ಅತ್ತೀ, ಹಳೇ ಬಾಟಲಿ ತರ್ರಿ. ಅದನ್ನಿನ್ನ ಕುಡಸೂದು ಬ್ಯಾಡ."

ಅಕ್ಕನ ಅತ್ತೆ ತಂದುಕೊಟ್ಟರು. ನಮ್ಮವರು ಅದನ್ನು ಬಾಗಿಲ ಬೆಳಕಿಗೆ ಹಿಡಿದರು. ನಗು ಹಾಗೇ ನಿಂತುಹೋಯಿತು. ನಾನೂ ಹತ್ತಿರ ಹೋಗಿ ನೋಡಿದೆ. ಎರಡು ಗುರುತಿನಷ್ಟು ತಿಳಿನೀರು. ಅದರ ಅಡಿಯಲ್ಲಿ, ಗಾಜಿನ ತಳದ ಸುತ್ತಲೂ, ಸೂಜಿಯ ಮೊನೆಯಂಥ ಸಣ್ಣ ಸಣ್ಣ ಬಿಳಿ ಹರಳು. ಬಾಟಲಿ ವಾಲಿಸಿದರೆ ಮೆಲ್ಲಗೆ ಜಾರುತ್ತಿದ್ದವು, ಕೆಲವು ಅಂಟಿಕೊಂಡೇ ಇದ್ದವು.

"ಇದರಾಗ ಯಾರು ಏನ ಹಾಕ್ಯಾರ?"

ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಅದಕ್ಕೂ ಮುಂಚೆ ಕೇಳಿಲ್ಲ, ಆಮೇಲೂ ಕೇಳಿಲ್ಲ.

"ನಾನ ಹಾಕೇನಿ," ಅಂದರು ಅಕ್ಕನ ಅತ್ತೆ, ಏನೂ ಅಂಜಿಕೆ ಇಲ್ಲದೆ. "ನಿನ್ನ ಹೇಣ್ತಿ ಎಂಟು ಪೊಟ್ಟಣ ಕೊಟ್ಟಳು, ಬಾಟಲಿಯಾಗ ಎಂಟು ಗುರುತು ಇದ್ದವು. ಲೆಕ್ಕ ಸರಿ ಆತು. ಒಂದೊಂದು ಪೊಟ್ಟಣ ಬಿಚ್ಚೂದು, ನೀರು ಹಾಕೂದು, ಆ ಉಪ್ಪ ನೀರ ಕುಡದ ಇಕಿ ವಾಕರಸೂದು ಯಾಕ? ಎಲ್ಲಾ ಒಮ್ಮೆಲೆ ಸುರವಿಬಿಟ್ಟೆ. ಎರಡೂ ಹೋಗೂದು ಒಂದ ಹೊಟ್ಟಿಗೆ ಅಲ್ಲೇನ?"

ನಮ್ಮವರು ನನ್ನ ಕಡೆ ತಿರುಗಿದರು. ನಾನು ತಲೆ ತಗ್ಗಿಸಿ, "ಹೌದು, ನಾನ ಕೊಟ್ಟೆ," ಅಂದೆ. ಅವರು ಬಯ್ಯಲಿಲ್ಲ. ಬಯ್ಯಲು ಹೊತ್ತಿರಲಿಲ್ಲ.

"ಕಡೀಕ ಯಾವಾಗ ಕುಡಸೀರಿ? ಮಧ್ಯಾನ್ನದ್ದು ಕುಡಸೀರೇನು?"

"ಇಲ್ಲ. ಮುಂಜಾನಿದು ಅಷ್ಟ."

"ಯಾಕ ಬಿಟ್ರಿ?"

"ಎರಡ ಗುರುತು ಉಳಿದಿದ್ವು. ಹೊಸಾದು ಮನಿಗೆ ಬರೂ ಮುಂಚೆ ತಳ ಬರಿದು ಮಾಡಬಾರದು ತಮ್ಮಾ. ಎಣ್ಣಿ ಗಡಗಿ ಇರಲಿ, ಜೋಳದ ಹಗೇವು ಇರಲಿ, ಔಷಧ ಇರಲಿ. ಇವನ ದಾರಿ ನೋಡಿಕೊಂಡು ಇಟ್ಟಿದ್ದೆ. ಸಂಜಿಗೆ ಬರದಿದ್ರ ಮತ್ತೇನ ಮಾಡೂದು, ಕುಡಸ್ತಿದ್ದೆ."

ನಮ್ಮವರು ಪರದೆ ಸರಿಸಿ ಅಕ್ಕನ ಹತ್ತಿರ ಹೋದರು. ದವಡೆ ಬಿಗಿಯುತ್ತದೆಯೇ, ಕುತ್ತಿಗೆ ಸೆಟೆಯುತ್ತದೆಯೇ, ಕಾಲು ಹಿಡಿಯುತ್ತವೆಯೇ, ಒಂದೊಂದೇ ಕೇಳಿದರು. ಅಕ್ಕ ಏನೂ ಇಲ್ಲ ಅಂದಳು. "ಯಾಕ್ರಿ ಮಾಮಾ, ಎಲ್ಲಾರೂ ನನ್ನ ಹಂಗ್ಯಾಕ ನೋಡಾಕ್ಹತ್ತೀರಿ?" ಅಂದಳು. ಮುಂಜಾನೆಯ ಗುರುತಿನಲ್ಲಿ ಹರಳು ಎಷ್ಟು ಹೋಗಿದೆಯೋ ಯಾರಿಗೆ ಗೊತ್ತು? ಕೋಣೆಯ ಕಿಟಕಿ ಮುಚ್ಚಿಸಿದರು. ಸಪ್ಪಳ ಮಾಡಬೇಡಿ ಎಂದರು. ಒಲೆಯ ಮೇಲಿನ ರೊಟ್ಟಿ ಹೊತ್ತಿ ಕಮರು ವಾಸನೆ ಮನೆಯೆಲ್ಲ ತುಂಬಿತು, ಯಾರೂ ಏಳಲಿಲ್ಲ. ಬಾಗಿಲ ಮುಂದೆ ಬಂಡಿ ಹೋದರೂ ನಾನು ಅಕ್ಕನ ಪಾದವನ್ನೇ ನೋಡುತ್ತಿದ್ದೆ, ಜಿಗಿಯುತ್ತದೆಯೇ ಎಂದು. ಒಮ್ಮೆ ಜಿಗಿಯಿತು. ನಾನು ಶಿವಶಿವಾ ಅಂದೆ. ಸೊಳ್ಳೆ ಕಚ್ಚಿತ್ತು.

ಬಿಸಿಲು ಅಂಗಳದಿಂದ ಗೋಡೆಗೆ ಏರುವವರೆಗೆ ಹಾಗೇ ಕುಳಿತಿದ್ದೆವು. ಅಕ್ಕ ಹಸಿವು ಅಂದಳು. ನಮ್ಮವರು ಎದ್ದು ಮುಖ ತೊಳೆದುಕೊಂಡು ಬಂದು, "ಇನ್ನ ಹೆದರಿಕಿ ಇಲ್ಲ," ಅಂದರು.

ಆಗ ಅಕ್ಕನ ಅತ್ತೆಯನ್ನು ಕೂಡಿಸಿಕೊಂಡು ಮೊದಲಿನ ಕಾಗದದ ಕರಡನ್ನು ಪೂರ್ತಿ ಓದಿ ಹೇಳಿದರು. ಕುಚಲಾ ಎಂದರೇನು, ಕೊನೆಯ ಗುರುತು ಎಂದರೇನು, ಎಲ್ಲ. ಅವರು ಕೇಳುತ್ತ ಕೇಳುತ್ತ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಮಾತು ಸಿಟ್ಟಿನಿಂದಲೇ ಬಂತು.

"ಇದನ್ನ ಸೋಮವಾರ ನನಗ ಯಾಕ ಹೇಳಲಿಲ್ಲ? ಡಾಕ್ಟರಗ ಹೇಳಿದಿ, ನಿನ್ನ ಹೇಣ್ತಿಗೆ ಹೇಳಿದಿ. ಔಷಧ ಕುಡಸಾಕಿ ನಾನು. ನನಗಷ್ಟ ಗೊತ್ತಿಲ್ಲ. ನಾ ಬಾಯಿ ಬಡಕಿ ಇರಬೇಕಪ್ಪಾ, ಸೊಸಿನ್ನ ಕೊಲ್ಲೂ ಹೆಂಗಸಲ್ಲ."

"ತಪ್ಪಾತ್ರಿ ಅತ್ತೀ," ಅಂದರು ನಮ್ಮವರು. ನಾನು ಅಕ್ಕನ ಅತ್ತೆಯ ಕಾಲು ಮುಟ್ಟಿದೆ. ಅವರು ನನ್ನ ತಲೆಯ ಮೇಲೊಂದು ಮೊಟಕಿ, "ನೀನೂ ಅಷ್ಟ, ಬ್ಯಾರೆ ಬ್ಯಾರೆ ಅಂತ ಬಾಯಿಪಾಠ ಒಪ್ಪಿಸಿದಿ," ಎಂದು ಅತ್ತುಬಿಟ್ಟರು.

ಹರಳಿನ ಬಾಟಲಿಯನ್ನು ನಮ್ಮವರು ಬೀಗದ ಕಪಾಟಿನಲ್ಲಿಟ್ಟು ಮತ್ತೆ ಬರೆಯಲು ಕುಳಿತರು. ನಡೆದದ್ದನ್ನು ಸಾಹೇಬರಿಗೆ ತಿಳಿಸಲೇಬೇಕು ಎಂದರು. ಬ್ರೋಮೈಡ್ ಎಷ್ಟು ಹೋಗಿದೆ, ಹರಳು ಎಷ್ಟು ಹೋಗಿರಬಹುದು, ಇನ್ನು ಎಷ್ಟು ದಿನ ಬಿಟ್ಟು ಶುರುಮಾಡಬೇಕು, ಎಲ್ಲ ಕೇಳಬೇಕು. ಅಲ್ಲಿಯವರೆಗೆ ಯಾವ ಔಷಧವೂ ಇಲ್ಲ.

ಕರಡು ಓದಿದರು. ‘ನನ್ನ ಅಂಗಡಿಯಲ್ಲಿ ನನ್ನ ಅಜಾಗರೂಕತೆಯಿಂದ’ ಎಂದಿತ್ತು.

"ನಿಮ್ಮಿಂದಲ್ಲ," ಅಂದೆ. "ನನ್ನಿಂದ. ಹಂಗ ಬರೀರಿ."

"ಅಂಗಡಿ ನಂದು. ಅದು ನಂದ ಆಕ್ಕೈತಿ."

"ನೀವು ಕೊಡಂಗಿಲ್ಲ ಅಂತ ಹೋದ ಬಾರಿ ಬರದೀರಿ. ಈಗ ನೀವ ಕೊಟ್ಟಿರಿ ಅಂತ ಬರದ್ರ ನಿಮ್ಮ ಮೊದಲನೇ ಕಾಗದ ಸುಳ್ಳಾಕ್ಕೈತಿ. ಆ ಕಾಗದ ಸುಳ್ಳಲ್ಲ. ಅದರಿಂದ ನಮ್ಮಕ್ಕ ಉಳದಾಳ. ನಿಮ್ಮ ಮನಿಯಾಕಿ ಕೇಳದ ಮಾಡ್ಯಾಳ ಅಂತ ಬರೀರಿ."

ಅವರು ನನ್ನನ್ನು ನೋಡಿದರು. ಕರಡಿನ ಆ ಸಾಲು ಹೊಡೆದು ಹಾಕಿ ನಾನು ಹೇಳಿದ ಹಾಗೇ ಬರೆದು, ನನಗೆ ಓದಿ ಹೇಳಿದರು. ಆಮೇಲೆ ಇಂಗ್ಲಿಷಿಗೆ ಮಾಡಿದರು. ಅಕ್ಕನ ಮೈದುನ ಮರುದಿನ ಮುಂಜಾನೆ ಅದನ್ನು ತೆಗೆದುಕೊಂಡು ಹೋದ. ಈ ಸಲ ಸಾಹೇಬರು ಊರಲ್ಲೇ ಇದ್ದರು. ಶನಿವಾರ ಉತ್ತರ ಬಂತು: ಐದು ದಿನ ಏನೂ ಬೇಡ, ಹಾಲು ಗಂಜಿ ಕೊಡಿ, ಆಮೇಲೆ ಬ್ರೋಮೈಡ್ ಹತ್ತು ಗ್ರೇನಿನಂತೆ, ಮಲಗುವ ಮುಂಚೆ ಒಂದು ಸಲ ಮಾತ್ರ. ಅಕ್ಕ ಮೂರು ವಾರ ನಮ್ಮಲ್ಲೇ ಇದ್ದು ತನ್ನ ಕಾಲ ಮೇಲೆ ತಾನು ನಡೆದು ಬಂಡಿ ಹತ್ತಿದಳು. ಐವತ್ತು ದಾಟುವವರೆಗೆ ಬದುಕಿದಳು.

ವರ್ಷದ ಮೇಲೆ ಆ ಸಾಹೇಬರು ಕೊಪ್ಪಳಕ್ಕೆ ಬಂದಾಗ ಅಂಗಡಿಯಲ್ಲಿ ಅರ್ಧ ತಾಸು ಕುಳಿತಿದ್ದರು. ನಾನು ಪರದೆಯ ಹಿಂದಿನಿಂದ ಚಹಾ ಕೊಟ್ಟೆ. ನನ್ನ ಸುದ್ದಿ ತೆಗೆಯುತ್ತಾರೆಂದು ಕಿವಿಗೊಟ್ಟು ನಿಂತೆ. ತೆಗೆಯಲಿಲ್ಲ. ಹೊರಡುವಾಗ ನಮ್ಮವರ ಹೆಗಲ ಮೇಲೆ ಕೈಯಿಟ್ಟು, "ನಿಮ್ಮಂಥವರೂ ಒಮ್ಮೆ ಎಡವುತ್ತಾರಲ್ಲ!" ಅಂದರು ತಮ್ಮ ಒಡಕು ಕನ್ನಡದಲ್ಲಿ. ನಮ್ಮವರು ಸುಮ್ಮನೆ ನಕ್ಕರು.

ಆ ಎರಡನೆಯ ಕಾಗದದ ಇಂಗ್ಲಿಷಿನಲ್ಲಿ ಯಾರ ತಪ್ಪೆಂದು ಬರೆದಿದ್ದರೋ, ನಮ್ಮವರು ಇರುವವರೆಗೂ ಹೇಳಲಿಲ್ಲ. ನಾನೂ ಕೇಳಲಿಲ್ಲ.